ಲೊಕೇಶನ್ ಕಳಿಸುವ ಮುಂಚೆ ಅಂಗಳಕ್ಕೆ ಬನ್ನಿ

ಮಳೆಗಾಲದ ಸಂಜೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟವೊಂದರಲ್ಲಿ ಹುಲ್ಲು ಕೊಯ್ಯುತ್ತಿದ್ದವರ ಕಾಲಿಗೆ ಹಾವು ಕಚ್ಚಿತ್ತು. 108ಕ್ಕೆ ಕರೆ ಬಂತು. ನಾನು ಆಂಬುಲೆನ್ಸಿನಿಂದ ತಿರುಗಿ ಫೋನ್ ಮಾಡಿದಾಗ ಅವರ ಮಗ ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿದ. ಹೋಗಿ ನೋಡಿದರೆ ಅಲ್ಲಿ ಬರೀ ಗದ್ದೆ. ಮನೆ ಇದ್ದದ್ದು ಹಳ್ಳದ ಆಚೆ. ಸೇತುವೆ ಸುತ್ತಿ ಬರಲು ಇಪ್ಪತ್ತು ನಿಮಿಷ ಬೇಕಾಯಿತು.

ಮಗ ಲೊಕೇಶನ್ ಕಳಿಸಿದ್ದು ಆರ್‌ಸಿಸಿ ಮನೆಯ ನಡುಕೋಣೆಯಿಂದ. ಫೋನಿಗೆ ಉಪಗ್ರಹ ಸರಿಯಾಗಿ ಸಿಗದಿದ್ದರೆ ಅದು ಮೊಬೈಲ್ ಟವರ್ ನೋಡಿ ಅಂದಾಜು ಮಾಡುತ್ತದೆ. ಹಳ್ಳಿಯಲ್ಲಿ ಟವರ್‌ಗಳು ದೂರ ದೂರ, ಹಾಗಾಗಿ ಅಂದಾಜು ಒಂದೆರಡು ಕಿಲೋಮೀಟರ್ ತಪ್ಪಬಹುದು. ಇದನ್ನು ವಾಟ್ಸಾಪ್ ಮುಚ್ಚಿಡುವುದಿಲ್ಲ. `Send your current location` ಕೆಳಗೆ ಸಣ್ಣಕ್ಷರದಲ್ಲಿ `Accurate to 12 meters` ಎಂಬಂಥ ಸಾಲು ಇರುತ್ತದೆ. ಗಾಬರಿಯಲ್ಲಿ ಅದನ್ನು ಯಾರು ಓದುತ್ತಾರೆ, ಅಲ್ವಾ? ಆದರೂ ಓದಿ. ಅಲ್ಲಿ ನೂರಾರು ಮೀಟರ್ ಇದ್ದರೆ ಕಳಿಸಬೇಡಿ. ಅಂಗಳಕ್ಕೆ ಬಂದು, ಆಕಾಶ ಕಾಣುವ ಕಡೆ ಅರ್ಧ ನಿಮಿಷ ನಿಲ್ಲಿ. ಅಂಕಿ ಇಳಿದ ಮೇಲೆ ಕಳಿಸಿ.

ಇಂಟರ್ನೆಟ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಅದನ್ನು ಎಸ್‌ಎಂಎಸ್ ಮಾಡಿ, ಇಲ್ಲವೇ ಫೋನಿನಲ್ಲೇ ನಿಧಾನವಾಗಿ ಓದಿ ಹೇಳಿ. ಕರ್ನಾಟಕದಲ್ಲಿ ಮೊದಲನೆಯದು 11ರಿಂದ 18ರ ಆಸುಪಾಸು, ಎರಡನೆಯದು 74ರಿಂದ 78ರ ಆಸುಪಾಸು ಇರಬೇಕು.

ಲೈವ್ ಲೊಕೇಶನ್ ಬೇಕಾಗುವುದು ನೀವೂ ಹೊರಟಾಗ. ಅವತ್ತು ನಾವು ಸೇತುವೆ ಸುತ್ತುವಷ್ಟರಲ್ಲಿ ಮನೆಯವರು ಜೀಪಿನಲ್ಲಿ ಎದುರು ಬರತೊಡಗಿದ್ದರು. ಮಗ ಈಗ ಲೈವ್ ಹಾಕಿದ್ದ. ಆದರೆ ಕಾಡಿನ ತಿರುವಲ್ಲಿ ನೆಟ್‌ವರ್ಕ್ ಹೋಗಿ ಚುಕ್ಕೆ ನಿಂತುಬಿಟ್ಟಿತು. ಜೀಪೇ ನಿಂತಿದೆಯೇನೋ ಅನ್ನಿಸುತ್ತದೆ. ಎಷ್ಟು ನಿಮಿಷದ ಹಿಂದಿನ ಗುರುತು ಅಂತ ಕೆಳಗೆ ನೋಡಬೇಕು. ಅದಕ್ಕೇ ನಾನು ಫೋನಿನಲ್ಲೇ, 'ಬಸ್ ಸ್ಟಾಪಿನ ಹತ್ತಿರ ನಿಲ್ಲಿಸಿ, ಕಾಲು ಅಲುಗಾಡಿಸಬೇಡಿ' ಅಂದಿದ್ದೆ. ಅಲ್ಲೇ ಸಿಕ್ಕರು.

ಇನ್ನು ಆಸ್ಪತ್ರೆ. ಮ್ಯಾಪ್ ತೋರಿಸುವ 'ಹತ್ತಿರದ ಆಸ್ಪತ್ರೆ' ಹಲ್ಲಿನ ಕ್ಲಿನಿಕ್ ಆಗಿರಬಹುದು, ರಾತ್ರಿ ಬಾಗಿಲು ಹಾಕಿರಬಹುದು. ಅವತ್ತು ಆರು ಕಿಲೋಮೀಟರಲ್ಲಿ ಒಂದು ಆರೋಗ್ಯ ಕೇಂದ್ರವಿತ್ತು. ಫೋನ್ ಮಾಡಿ ಎರಡೇ ಮಾತು ಕೇಳಿದೆ: 'ಡಾಕ್ಟರ್ ಈಗ ಇದ್ದಾರಾ? ಹಾವಿನ ವಿಷದ ಇಂಜೆಕ್ಷನ್ ಈಗ ಎಷ್ಟು ವಯಲ್ ಇದೆ?' ಬರೀ 'ಇದೆಯಾ' ಅಂದರೆ ಸಾಲದು. ವಿಷ ಏರಿದ ಲಕ್ಷಣ ಕಂಡರೆ ಮೊದಲ ಸಲಕ್ಕೇ ಸಾಮಾನ್ಯವಾಗಿ ಎಂಟರಿಂದ ಹತ್ತು ವಯಲ್ ಬೇಕು. ಅಲ್ಲಿ ಡಾಕ್ಟರ್ ಹೊರಟು ಹೋಗಿದ್ದರು, ಇದ್ದದ್ದು ಎರಡು ವಯಲ್.

ತಾಲೂಕು ಆಸ್ಪತ್ರೆ ಹತ್ತೊಂಬತ್ತು ಕಿಲೋಮೀಟರ್. ಅಲ್ಲಿ ಎರಡಕ್ಕೂ ಸರಿಯಾದ ಉತ್ತರ ಸಿಕ್ಕಿತು. ರಾತ್ರಿ ಯಾವ ಗೇಟ್ ತೆರೆದಿರುತ್ತದೆ ಅಂತಲೂ ಕೇಳಿಕೊಂಡೆ. ಮ್ಯಾಪಿನ ಗುರುತು ಮುಂದಿನ ಗೇಟಿನ ಮೇಲಿತ್ತು, ತೆರೆದಿದ್ದದ್ದು ಹಿಂದಿನದು. ನಾವು ಒಳಗೆ ಹೋದಾಗ ನರ್ಸ್ ವಯಲ್‌ಗಳನ್ನು ಟ್ರೇನಲ್ಲಿ ಜೋಡಿಸಿಟ್ಟು ಕಾಯುತ್ತಿದ್ದರು.