ಕೆಜಿಎಫ್ ಬಂಡೆಯ ಬಿಸಿಯಿಂದ ಎಷ್ಟು ಕರೆಂಟ್ ಬಂದೀತು?

ಕೆಜಿಎಫ್‌ನ ಚಿನ್ನದ ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆಯೇ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿ. ಅಲ್ಲಿಂದ ಪುಕ್ಕಟೆ ಕರೆಂಟ್ ತೆಗೆಯಬಹುದಲ್ವಾ? ತೆಗೆಯಬಹುದು. ಆದರೆ ಎಷ್ಟು ಅನ್ನುವುದನ್ನು ಎಂಜಿನಿಯರ್‌ನ ಜಾಣತನ ತೀರ್ಮಾನಿಸುವುದಿಲ್ಲ.

ಇದನ್ನು ಮೊದಲು ಕಂಡವನು ಫ್ರಾನ್ಸಿನ ಸಾದಿ ಕಾರ್ನೋ, 1824ರಲ್ಲಿ, ತನ್ನ 28ನೇ ವಯಸ್ಸಿಗೆ. ಎಂಜಿನ್ ಯಾವುದೇ ಇರಲಿ, ಅದರ ಗರಿಷ್ಠ ದಕ್ಷತೆ ಬಿಸಿ ಕಡೆಯ ಮತ್ತು ತಣ್ಣನೆ ಕಡೆಯ ಉಷ್ಣತೆಗಳನ್ನು ಮಾತ್ರ ಅವಲಂಬಿಸಿದೆ ಎಂದ. ಅವನ ಕಣ್ಣಲ್ಲಿ ಶಾಖ ಜಲಪಾತದ ನೀರಿನಂತೆ ಮೇಲಿಂದ ಬಿದ್ದು ಕೆಲಸ ಮಾಡುತ್ತಿತ್ತು. ಕೆಜಿಎಫ್‌ಗೆ 1902ರಲ್ಲಿ ಕರೆಂಟ್ ಬಂದದ್ದೂ ಶಿವನಸಮುದ್ರದ ನೀರಿನಿಂದಲೇ. ಆದರೆ ಬಿದ್ದ ನೀರು ಕೆಳಗೂ ಅಷ್ಟೇ ಇರುತ್ತದೆ. ಶಾಖ ಹಾಗಲ್ಲ, ಕೆಲಸವಾದಷ್ಟು ಕಡಿಮೆಯಾಗುತ್ತದೆ. ಹಾಗಾದರೆ ನೀರಿನಂತೆ ಕಡಿಮೆಯಾಗದೆ ಉಳಿಯುವುದು ಯಾವುದು? ಅದಕ್ಕೆ ಜರ್ಮನಿಯ ಭೌತವಿಜ್ಞಾನಿ ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟ.

ಎಂಟ್ರೊಪಿ ಅಂದರೆ ಗಜಿಬಿಜಿ ಅಂತ ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು. ಗಜಿಬಿಜಿಯನ್ನು ಹಿಡಿದು ಲೆಕ್ಕ ಹಾಕುವುದು ಹೇಗೆ? ಸುಮ್ನೆ ಭಾಗಾಕಾರ ಮಾಡಿ: ಸಾಗಿದ ಶಾಖವನ್ನು ಆ ಜಾಗದ ಉಷ್ಣತೆಯಿಂದ ಭಾಗಿಸಿ. ಉಷ್ಣತೆ ಕೆಲ್ವಿನ್‌ನಲ್ಲೇ ಇರಬೇಕು, ಅಂದರೆ ಸೆಲ್ಸಿಯಸ್‌ಗೆ 273 ಕೂಡಿಸಬೇಕು. ಬಂಡೆ 338, ಮೇಲಿನ 25 ಡಿಗ್ರಿಯ ಗಾಳಿ 298.

ಬಂಡೆಯಿಂದ 1000 ಜೂಲ್ ಶಾಖ ತೆಗೆದೆವು ಅನ್ನೋಣ. ಬಂಡೆ ಕಳೆದುಕೊಂಡ ಎಂಟ್ರೊಪಿ 1000/338, ಅಂದರೆ 2.96. ಉಷ್ಣಬಲವಿಜ್ಞಾನದ ಎರಡನೇ ನಿಯಮದ ಪ್ರಕಾರ ಒಟ್ಟು ಎಂಟ್ರೊಪಿ ಕಡಿಮೆಯಾಗುವಂತಿಲ್ಲ. ಹಾಗಾಗಿ ಗಾಳಿಗೆ ಕಡೇ ಪಕ್ಷ 2.96 ಸೇರಲೇಬೇಕು. ಅದಕ್ಕೆ 2.96 × 298, ಸುಮಾರು 882 ಜೂಲ್ ಶಾಖವನ್ನು ಗಾಳಿಗೆ ಬಿಟ್ಟುಕೊಡಬೇಕು. ಕೈಗೆ ಸಿಗುವುದು 118 ಜೂಲ್, ಶೇಕಡಾ 12ರ ಹತ್ತಿರ. ಇದೇ ಕಾರ್ನೋ ಮಿತಿ: 1 − 298/338.

ಯಾರೋ 200 ಜೂಲ್ ತೆಗೆಯುತ್ತೇನೆ ಅಂತ ಬರುತ್ತಾರೆ. ಉಳಿದ 800 ಜೂಲ್ ಗಾಳಿಗೆ ಕೊಡುವ ಎಂಟ್ರೊಪಿ 2.68 ಮಾತ್ರ. ಒಟ್ಟಿನಲ್ಲಿ 0.28 ಮಾಯವಾಯಿತು. ಯಂತ್ರ ಬಿಚ್ಚಿ ನೋಡುವುದೇ ಬೇಡ, ಅದು ಓಡುವುದಿಲ್ಲ. ಯಾರಾದರೂ ಶೇಕಡಾ 62 ಸಿಗುತ್ತದೆ ಅಂದರೆ, ಕೆಲ್ವಿನ್ ಮರೆತು 1 − 25/65 ಅಂತ ಲೆಕ್ಕ ಹಾಕಿದ್ದಾರೆ ಅಂತ ತಿಳಿಯಿರಿ.

ಅದೇ ಶಾಖ ತಣ್ಣನೆ ಜಾಗದಲ್ಲಿ ಯಾಕೆ ಹೆಚ್ಚು ಎಂಟ್ರೊಪಿ ಕೊಡುತ್ತದೆ? ಅಣುಗಳು ಶಕ್ತಿಯನ್ನು ತಮ್ಮೊಳಗೆ ಹಂಚಿಕೊಳ್ಳಬಹುದಾದ ರೀತಿಗಳು ಎಷ್ಟು ಪಟ್ಟು ಹೆಚ್ಚಿದವು ಎಂಬುದರ ಅಳತೆಯೇ ಎಂಟ್ರೊಪಿ. ಆಗಲೇ ಜೋರಾಗಿ ಅಲ್ಲಾಡುತ್ತಿರುವ ಬಿಸಿ ವಸ್ತುವಿನಲ್ಲಿ ಅದೇ ಶಾಖ ಅಷ್ಟು ಪಟ್ಟು ಹೆಚ್ಚಿಸುವುದಿಲ್ಲ.

ನಿಜವಾದ ಎಂಜಿನ್‌ಗೆ 12 ಕೂಡ ದಕ್ಕುವುದಿಲ್ಲ. ಬಂಡೆಯಿಂದ ಬೇಗ ಶಾಖ ಬರಬೇಕಾದರೆ ಎಂಜಿನ್ ಅದಕ್ಕಿಂತ ತಣ್ಣಗಿರಬೇಕು, ಗಾಳಿಗೆ ಬಿಡುವಾಗ ಅದಕ್ಕಿಂತ ಬಿಸಿ ಇರಬೇಕು. ಎರಡೂ ಕಡೆ 10 ಡಿಗ್ರಿ ಬಿಟ್ಟರೆ ಎಂಜಿನ್ ಕಾಣುವುದು 55 ಮತ್ತು 35 ಡಿಗ್ರಿ. ಮಿತಿ ಶೇಕಡಾ 6ಕ್ಕೆ ಇಳಿಯಿತು. 3 ಕಿಲೋಮೀಟರ್ ಪೈಪಿನಲ್ಲಿ ನೀರು ಸುತ್ತಿಸುವ ಪಂಪಿನ ಖರ್ಚನ್ನೂ ಇದರಲ್ಲೇ ಕಳೆಯಬೇಕು.