ಚಾಟ್‌ನಲ್ಲೇ ಉಳಿದುಹೋದ ನೋಟಿಸ್ ಪೀರಿಯಡ್

ಒಮ್ಮೆ ಒಬ್ಬ ಅಭ್ಯರ್ಥಿಗೆ ನಾನು ಕಳಿಸಿದ ಆಫರ್ ಲೆಟರ್‌ನಲ್ಲಿ ಕೆಲಸಕ್ಕೆ ಸೇರುವ ದಿನಾಂಕವೇ ತಪ್ಪಾಗಿತ್ತು. 'ನೋಟಿಸ್ ಪೀರಿಯಡ್ 60 ದಿನದಿಂದ 30ಕ್ಕೆ ಇಳಿದಿದೆ ಅಂತ ಆಗಲೇ ತಿಳಿಸಿದ್ದೆನಲ್ಲ ಮೇಡಂ' ಎಂದರು. ತಿಳಿಸಿದ್ದು ನಿಜ. ಆದರೆ ಲಿಂಕ್ಡ್‌ಇನ್ ಮೆಸೇಜಿನಲ್ಲಿ, ಅದೂ ರಜೆಯಲ್ಲಿದ್ದ ನನ್ನ ಸಹೋದ್ಯೋಗಿಯ ಸ್ವಂತ ಖಾತೆಗೆ. ನನ್ನ ಮುಂದಿದ್ದದ್ದು ಅವರ ಹಳೆಯ ಇಮೇಲ್. ಅದರಲ್ಲಿ 60 ಅಂತಲೇ ಇತ್ತು.

ಮೊದಲ ಪರಿಚಯಕ್ಕೆ ಲಿಂಕ್ಡ್‌ಇನ್ ಒಳ್ಳೆಯ ಜಾಗವೇ. ನಿಮ್ಮ ಪ್ರೊಫೈಲ್ ಪಕ್ಕದಲ್ಲೇ ಇರುವುದರಿಂದ ನೀವು ಯಾರೆಂದು ಉದ್ದುದ್ದ ಹೇಳಬೇಕಿಲ್ಲ. ಕನೆಕ್ಷನ್ ಕೋರಿಕೆಯ ಜೊತೆಗಿನ ಟಿಪ್ಪಣಿಗೆ ಹೆಚ್ಚೆಂದರೆ 300 ಅಕ್ಷರ, ಉಚಿತ ಖಾತೆಗೆ ಅದಕ್ಕಿಂತಲೂ ಕಡಿಮೆ. ಹಾಗಾಗಿ ಯಾವ ಹುದ್ದೆ, ಆ ಕೆಲಸ ಎಷ್ಟು ವರ್ಷ ಮಾಡಿದ್ದೀರಿ, ರೆಸ್ಯೂಮೆ ಯಾವ ವಿಳಾಸಕ್ಕೆ ಕಳಿಸಲಿ: ಇಷ್ಟು ಬರೆದರೆ ಆಯಿತು. ಕೊನೆಯ ಪ್ರಶ್ನೆಯೇ ಮುಖ್ಯ, ಮಾತನ್ನು ಇಮೇಲ್‌ಗೆ ದಾಟಿಸುವುದು ಅದೇ.

ರೆಸ್ಯೂಮೆ ಕೈಸೇರಿದ ಮೇಲೆ ನಿಮ್ಮ ವಿಷಯ ಒಬ್ಬರದಾಗಿ ಉಳಿಯುವುದಿಲ್ಲ. ಸಂದರ್ಶನ ಮಾಡುವವರು, ಸಂಬಳ ನಿಗದಿ ಮಾಡುವವರು, ಆಫರ್ ತಯಾರಿಸುವವರು ಬೇರೆ ಬೇರೆ ಇರಬಹುದು. ಇಮೇಲನ್ನು ಅವರಿಗೆ ಫಾರ್ವರ್ಡ್ ಮಾಡಬಹುದು, ಅಭ್ಯರ್ಥಿಯ ದಾಖಲೆಗೆ ಸೇರಿಸಬಹುದು. ಚಾಟ್‌ನಲ್ಲಿ ಬಂದದ್ದನ್ನು ಯಾರಾದರೂ ನೆನಪಿಟ್ಟು ಅಲ್ಲಿಗೆ ನಕಲಿಸಬೇಕು. ಕೆಲಸದ ಗಡಿಬಿಡಿಯಲ್ಲಿ ನಾವು ಮರೆಯುವುದು ಅದನ್ನೇ, ಒಪ್ಪಿಕೊಳ್ಳುತ್ತೇನೆ.

ಆ ಅಭ್ಯರ್ಥಿ ಮಾಡಬಹುದಾಗಿದ್ದದ್ದು ಇಷ್ಟೇ: ಸಂದರ್ಶನದ ಸಮಯ ತಿಳಿಸಿ ಬಂದಿದ್ದ ಇಮೇಲ್‌ಗೇ 'ರಿಪ್ಲೈ ಆಲ್' ಒತ್ತಿ, 'ನನ್ನ ನೋಟಿಸ್ ಪೀರಿಯಡ್ ಈಗ 60 ಅಲ್ಲ, 30 ದಿನ. ಹಿಂದೆ ತಿಳಿಸಿದ್ದನ್ನು ದಯವಿಟ್ಟು ತಿದ್ದಿಕೊಳ್ಳಿ' ಎಂದು ಬರೆಯುವುದು. ಹೊಸ ಇಮೇಲ್ ಶುರುಮಾಡಿದ್ದರೆ ಹಳೆಯ ಅಂಕಿ ಹಳೆಯ ಎಳೆಯಲ್ಲೇ ಉಳಿದು, ಓದುವವರಿಗೆ ಯಾವುದು ಸರಿ ಎಂಬ ಗೊಂದಲ ಆಗುತ್ತಿತ್ತು.

ಫೋನ್ ಮೆಸೇಜನ್ನು ನಾನು ಬಯಸುವುದು ಸಂದರ್ಶನದ ದಿನ ಮಾತ್ರ. 'ಹತ್ತು ನಿಮಿಷ ತಡವಾಗುತ್ತದೆ', 'ಲಿಂಕ್ ತೆರೆಯುತ್ತಿಲ್ಲ', ಇಂಥವು. ಜೊತೆಗೆ ಪೂರ್ತಿ ಹೆಸರು, ಹುದ್ದೆ, ಸಂದರ್ಶನದ ಸಮಯ ಇರಲಿ. ನಿಮ್ಮ ನಂಬರ್ ನನ್ನ ಫೋನಿನಲ್ಲಿ ಸೇವ್ ಆಗಿರುವುದಿಲ್ಲ. ಬರೀ 'ಹಾಯ್' ಕಳಿಸಿ ಉತ್ತರಕ್ಕೆ ಕಾಯುವವರಿಗೆ ಆ ಹತ್ತು ನಿಮಿಷ ಅಲ್ಲೇ ಮುಗಿದಿರುತ್ತದೆ. ರಿಕ್ರೂಟರ್ ತಾವಾಗಿ ನಂಬರ್ ಕೊಟ್ಟಿರದಿದ್ದರೆ ಈ ದಾರಿ ಬೇಡ.

ಸಂಬಳದ ಚರ್ಚೆ ಸಾಮಾನ್ಯವಾಗಿ ಫೋನ್ ಕರೆಯಲ್ಲೇ ನಡೆಯುತ್ತದೆ, ನಡೆಯಲಿ. ಕರೆ ಮುಗಿದ ಅದೇ ದಿನ ಒಪ್ಪಿದ ಮೊತ್ತ, ಅದರಲ್ಲಿ ಖಚಿತ ಭಾಗ ಎಷ್ಟು, ಸೇರುವ ದಿನಾಂಕ ಯಾವುದು ಎಂದು ನೀವೇ ಇಮೇಲ್ ಮಾಡಿ, 'ಸರಿಯಿದೆಯೇ' ಎಂದು ಕೇಳಿ. ಉತ್ತರ ಬರಲಿಲ್ಲವೆಂದರೆ ಮಾರನೆಯ ದಿನ ಫೋನಿಗೆ 'ಇಮೇಲ್ ಕಳಿಸಿದ್ದೇನೆ, ನೋಡುತ್ತೀರಾ' ಎಂದು ಒಂದು ಸಾಲು ಹಾಕಬಹುದು, ಅಂಕಿಗಳನ್ನು ಅಲ್ಲಿ ಮತ್ತೆ ಬರೆಯದೆ. ಲಿಖಿತ ಉತ್ತರ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.