ಓದುಗರ ಪ್ರಶ್ನೆ: 1970ರಲ್ಲಿ ನಮ್ಮ ಚಿಕ್ಕಪ್ಪ ‘ಬಿಳಿಯ’ರಾಗಿದ್ದರಾ?

ಪ್ರಶ್ನೆ: ನಮ್ಮ ಚಿಕ್ಕಪ್ಪ 1968ರಲ್ಲಿ ಓದೋಕೆ ಅಂತ ಅಮೆರಿಕಕ್ಕೆ ಹೋದವರು, ಅಲ್ಲೇ ಉಳಿದರು. ಈ ಸಲ ಊರಿಗೆ ಬಂದಾಗ ಊಟಕ್ಕೆ ಕೂತು, “1970ರ ಸೆನ್ಸಸ್ಸಿನಲ್ಲಿ ನಾನು ಬಿಳಿಯ, 1980ರಲ್ಲಿ ಏಷ್ಯನ್” ಅಂದು ನಕ್ಕರು. ಇದು ಸುಮ್ನೆ ತಮಾಷೆಗೆ ಹೇಳಿದ್ದಾ, ಅಥವಾ ನಿಜವಾ? ಹತ್ತು ವರ್ಷದಲ್ಲಿ ಒಬ್ಬರ ಜನಾಂಗ ಬದಲಾಗೋದು ಹೇಗೆ?

ಉತ್ತರ: ನಿಜ. ನಿಮ್ಮ ಚಿಕ್ಕಪ್ಪ ಬದಲಾಗಲಿಲ್ಲ, ಪಟ್ಟಿ ಬದಲಾಯಿತು. 1970ರ ಅಮೆರಿಕದ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿದ್ದರು. ಅದಕ್ಕೂ 50 ವರ್ಷ ಮೊದಲು, 1920ರಲ್ಲಿ, ಅದೇ ಗಣತಿ ಅವರಿಗೆ ‘ಹಿಂದೂ’ ಅನ್ನೋ ಬೇರೆಯೇ ಜನಾಂಗ ಕೊಟ್ಟಿತ್ತು. ಹಿಂದೂ ಅಂದರೆ ಧರ್ಮ ಅಲ್ಲ. ಆಗ ಅಲ್ಲಿದ್ದ ಭಾರತೀಯರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು, ಜೊತೆಗೆ ಮುಸ್ಲಿಮರೂ ಇದ್ದರು. ಅಲ್ಲಿನ ಮೂಲ ನಿವಾಸಿಗಳನ್ನು ಆಗಲೇ ‘ಇಂಡಿಯನ್’ ಅಂತ ಕರೆಯುತ್ತಿದ್ದರಲ್ಲ, ಹಾಗಾಗಿ ಹಿಂದೂಸ್ತಾನದಿಂದ ಬಂದವರೆಲ್ಲ ‘ಹಿಂದೂ’ ಆದರು.

ಮೊದಲ ಗಣತಿ ನಡೆದದ್ದು 1790ರಲ್ಲಿ. ಆಗ ಇದ್ದದ್ದು ಐದೇ ಕಾಲಂ. 16 ದಾಟಿದ ಸ್ವತಂತ್ರ ಬಿಳಿ ಗಂಡಸರು, 16ಕ್ಕಿಂತ ಚಿಕ್ಕವರು, ಸ್ವತಂತ್ರ ಬಿಳಿ ಹೆಂಗಸರು, ಉಳಿದ ಸ್ವತಂತ್ರರು, ಗುಲಾಮರು. ಬಿಳಿ ಅಂದರೆ ಯಾರು ಅಂತ ಎಲ್ಲೂ ಬರೆದಿರಲಿಲ್ಲ. ಅದನ್ನೆಲ್ಲ ಹೇಳಿಕೊಡಬೇಕಾ ಅನ್ನೋ ಧೋರಣೆ. ಮುಂದೆಯೂ ಬಹಳ ಕಾಲ ‘ಬಿಳಿ’ ಅನ್ನೋದಕ್ಕೆ ನೇರವಾದ ವಿವರಣೆ ಬರಲಿಲ್ಲ. ಯಾರು ಬಿಳಿ ಅಲ್ಲ ಅನ್ನೋ ಪಟ್ಟಿ ಉದ್ದವಾಗುತ್ತಾ ಹೋಯಿತು, ಅದರಲ್ಲಿ ಸಿಗದೆ ಉಳಿದವರು ಬಿಳಿ.

ಆ ಪಟ್ಟಿ ಎಷ್ಟು ಹುಚ್ಚು ಮಟ್ಟಕ್ಕೆ ಹೋಯಿತು ಅಂತ ನೋಡಬೇಕಾದರೆ 1890ರ ಗಣತಿ ನೋಡಬೇಕು. ಮುಕ್ಕಾಲು ಭಾಗ ಅಥವಾ ಅದಕ್ಕಿಂತ ಜಾಸ್ತಿ ಕಪ್ಪು ರಕ್ತ ಇದ್ದರೆ ‘ಬ್ಲ್ಯಾಕ್’. ಎಂಟರಲ್ಲಿ ಮೂರರಿಂದ ಐದು ಭಾಗ ಇದ್ದರೆ ‘ಮುಲಾಟೊ’. ಕಾಲು ಭಾಗಕ್ಕೆ ‘ಕ್ವಾಡ್ರೂನ್’. ಎಂಟನೇ ಒಂದು ಭಾಗಕ್ಕೆ, ಅಥವಾ ಚೂರು ಸುಳಿವು ಇದ್ದರೂ, ‘ಆಕ್ಟರೂನ್’. ಇದನ್ನು ಅಳೆಯೋದು ಯಾರು? ಮನೆ ಬಾಗಿಲಿಗೆ ಬಂದ ಗಣತಿದಾರ. ಹೇಗೆ? ಮುಖ ನೋಡಿ. ಅಂಗಡಿಯವನೂ ಕಣ್ಣಂದಾಜಿನಲ್ಲಿ ಅರ್ಧಪಾವು ತೂಗಲ್ಲ, ಇಲ್ಲಿ ಮುತ್ತಜ್ಜಿಯ ರಕ್ತ ತೂಗಬೇಕಿತ್ತು! 1900ರಲ್ಲಿ ಈ ಭಾಗಾಕಾರ ಬಿಟ್ಟರು. 1910 ಮತ್ತು 1920ರಲ್ಲಿ ‘ಮುಲಾಟೊ’ ಮಾತ್ರ ವಾಪಸ್ ಬಂತು. 1930ರಲ್ಲಿ ಅದೂ ಹೋಗಿ, ಒಂದು ಹನಿ ಕಪ್ಪು ರಕ್ತ ಇದ್ದರೂ ಅವರನ್ನು ‘ನೀಗ್ರೊ’ ಅಂತಲೇ ಬರೆಯಬೇಕು ಅನ್ನೋ ನಿಯಮ ಬಂತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಿಬಿಡುತ್ತೇನೆ. ಐರಿಶ್ ಜನ, ಇಟಲಿಯವರು ಮೊದಲು ಬಿಳಿಯರಾಗಿರಲಿಲ್ಲ, ಆಮೇಲೆ ಆದರು ಅಂತ ತುಂಬಾ ಕಡೆ ಓದಿರುತ್ತೀರಿ. ಅವರನ್ನು ಕೀಳಾಗಿ ಕಂಡದ್ದು ನಿಜ. ಆದರೆ ಗಣತಿಯ ಹಾಳೆಯಲ್ಲಿ ಅವರು ಯಾವತ್ತೂ ಬಿಳಿಯರೇ. ಗೆರೆ ನಿಜವಾಗಿ ಆಚೀಚೆ ಸರಿದದ್ದು ಮೆಕ್ಸಿಕೋದವರ ವಿಷಯದಲ್ಲಿ, ನಮ್ಮವರ ವಿಷಯದಲ್ಲಿ.

ಒಂದು ಮನೆಯನ್ನೇ ಹಿಡಿದು ನೋಡೋಣ. ಮನೆ ಕಲ್ಪನೆಯದ್ದು, ಆದರೆ ಅಂಥವು ನೂರಾರು ಇದ್ದವು. ಕ್ಯಾಲಿಫೋರ್ನಿಯಾದ ದಕ್ಷಿಣದ ತುದಿಯಲ್ಲಿ ಇಂಪೀರಿಯಲ್ ವ್ಯಾಲಿ ಅಂತ ಒಂದು ಬಿಸಿಲ ನಾಡು. ಪಂಜಾಬಿನಿಂದ ಹೋದ ಗಂಡಸರು ಅಲ್ಲಿ ಹತ್ತಿ, ಖರ್ಬೂಜ ಬೆಳೆಯುತ್ತಿದ್ದರು. ಊರಿಂದ ಹೆಂಡತಿಯನ್ನು ಕರೆಸೋಕೆ ಕಾನೂನು ಬಿಡುತ್ತಿರಲಿಲ್ಲ. ಬಿಳಿ ಹೆಣ್ಣನ್ನು ಮದುವೆ ಆಗೋಣ ಅಂದರೆ ಲೈಸೆನ್ಸ್ ಕೊಡೋ ಗುಮಾಸ್ತ ಬಿಡುತ್ತಿರಲಿಲ್ಲ. ಗಂಡು ಹೆಣ್ಣು ಇಬ್ಬರ ಮೈಬಣ್ಣ ಹೊಂದುತ್ತಾ ಅಂತ ನೋಡಿ ಅವನು ಕಾಗದ ಕೊಡುತ್ತಿದ್ದ. ಹಾಗಾಗಿ ಹಲವರು ಮೆಕ್ಸಿಕೋ ಮೂಲದ ಹೆಣ್ಣುಮಕ್ಕಳನ್ನು ಮದುವೆಯಾದರು.

1930ರಲ್ಲಿ ಗಣತಿದಾರ ಈ ಮನೆಗೆ ಬರುತ್ತಾನೆ. ಗಂಡನ ಮುಂದೆ ‘ಹಿಂದೂ’ ಅಂತ ಬರೆಯುತ್ತಾನೆ. ಹೆಂಡತಿ ಮುಂದೆ ‘ಮೆಕ್ಸಿಕನ್’. ಇದು ಆ ವರ್ಷ ಹೊಸದಾಗಿ ಬಂದ ಜನಾಂಗ. ಮೆಕ್ಸಿಕೋದಲ್ಲಿ ಹುಟ್ಟಿದವರು ಅಥವಾ ಅಪ್ಪ ಅಮ್ಮ ಅಲ್ಲಿ ಹುಟ್ಟಿದವರು, ನೋಡಿದರೆ ಖಂಡಿತ ಬಿಳಿ ಅಂತ ಅನ್ನಿಸದಿದ್ದರೆ ಇಲ್ಲಿಗೆ. ಹಾಗೆ ಬರೆಸಿಕೊಂಡವರು 14 ಲಕ್ಷಕ್ಕೂ ಜಾಸ್ತಿ. ಮಕ್ಕಳು? ಅಪ್ಪ ಅಮ್ಮ ಇಬ್ಬರೂ ಬಿಳಿಯರಲ್ಲ, ಬೇರೆ ಬೇರೆ ಜನಾಂಗ. ಅಂಥ ಕಡೆ ಸಾಮಾನ್ಯವಾಗಿ ಅಪ್ಪನದ್ದೇ ಲೆಕ್ಕ. ಹಾಗಾಗಿ ಸ್ಪ್ಯಾನಿಷ್ ಮಾತಾಡೋ, ಚರ್ಚಿಗೆ ಹೋಗೋ ಮಕ್ಕಳು ಜನಾಂಗದಲ್ಲಿ ‘ಹಿಂದೂ’.

ಮೆಕ್ಸಿಕೋ ಸರ್ಕಾರ ಪ್ರತಿಭಟಿಸಿತು, ಅಮೆರಿಕದಲ್ಲಿದ್ದ ಮೆಕ್ಸಿಕನ್ ಸಂಘಟನೆಗಳೂ ಗಲಾಟೆ ಮಾಡಿದವು. ಆಗ ಪೌರತ್ವ ಸಿಗೋದು ಬಿಳಿ ಅಥವಾ ಆಫ್ರಿಕಾ ಮೂಲದವರಿಗೆ ಮಾತ್ರ. ಹಾಗಾಗಿ ‘ಬಿಳಿ’ ಅನ್ನೋ ಗುರುತು ಹೋದರೆ ಕೈಯಿಂದ ಬಹಳ ಹೋಗುತ್ತಿತ್ತು. 1940ರಲ್ಲಿ ಸೂಚನೆ ಉಲ್ಟಾ ಆಯಿತು. ನೋಡಿದ ಕೂಡಲೇ ಮೂಲ ನಿವಾಸಿ ಅಥವಾ ಇನ್ಯಾವುದೋ ಬಿಳಿಯಲ್ಲದ ಜನಾಂಗ ಅನ್ನಿಸದಿದ್ದರೆ ಮೆಕ್ಸಿಕನ್ನರನ್ನು ಬಿಳಿ ಅಂತ ಬರೆಯಿರಿ ಅಂದರು. ನಮ್ಮ ಮನೆಯ ತಾಯಿ ಈಗ ‘ಬಿಳಿ’. ಗಂಡ ಮಾತ್ರ ಇನ್ನೂ ‘ಹಿಂದೂ’. ಬಿಳಿಯರೂ ಬಿಳಿಯಲ್ಲದವರೂ ಕೂಡಿ ಹುಟ್ಟಿದ ಮಕ್ಕಳಿಗೆ ಬಿಳಿಯಲ್ಲದವರ ಜನಾಂಗ, ಹಾಗಾಗಿ ಮಕ್ಕಳು ಎಲ್ಲಿದ್ದರೋ ಅಲ್ಲೇ.

ಮೆಕ್ಸಿಕನ್ನರಿಗೆ ಸಿಕ್ಕಿದ್ದು ನಮ್ಮವರಿಗೆ ಯಾಕೆ ಸಿಗಲಿಲ್ಲ? ಕೇಳಿರಲಿಲ್ಲ ಅಂತಲ್ಲ. 1910ರ ಹೊತ್ತಿಗೇ ಸೆನ್ಸಸ್ ಬ್ಯೂರೋ ಒಂದು ವಿಚಿತ್ರ ವಾದ ಮಾಡಿತ್ತು. ಶುದ್ಧ ರಕ್ತದ ಹಿಂದೂಗಳು ಜನಾಂಗದ ಲೆಕ್ಕದಲ್ಲಿ ಕಕೇಷಿಯನ್ನರೇ, ಅಂದರೆ ಆಗಿನ ವಿಜ್ಞಾನ ಯುರೋಪಿನವರನ್ನು ಸೇರಿಸುತ್ತಿದ್ದ ಜನಾಂಗದವರೇ, ಕೆಲವು ಕೋರ್ಟುಗಳೂ ಅವರನ್ನು ಬಿಳಿ ಅಂದಿವೆ, ಆದರೆ ಅವರ ನಾಗರಿಕತೆ ಯುರೋಪಿನದ್ದಲ್ಲ, ಆದ್ದರಿಂದ ಏಷ್ಯಾದ ಬಿಳಿಯಲ್ಲದವರ ಜೊತೆ ಸೇರಿಸುತ್ತೇವೆ ಅಂದಿತು. ಹೀಗೆ ಎಣಿಸಿದ್ದು ದೇಶದಲ್ಲೆಲ್ಲ ಸೇರಿ ಎರಡೂವರೆ ಸಾವಿರದಷ್ಟು ಜನರನ್ನು. 1923ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಮೊಹರು ಒತ್ತಿತು. ಭಗತ್ ಸಿಂಗ್ ಥಿಂಡ್ ಅಂತ ಒಬ್ಬ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು, ನಾನು ಕಕೇಷಿಯನ್, ಹಾಗಾಗಿ ಬಿಳಿ ಅಂತ ಪೌರತ್ವ ಕೇಳಿದ್ದರು. ಕೋರ್ಟಿನ ಉತ್ತರ ಇಷ್ಟು: ವಿಜ್ಞಾನದ ಪುಸ್ತಕದಲ್ಲಿ ನೀವು ಏನೇ ಆಗಿರಿ, ಬೀದಿಯ ಸಾಮಾನ್ಯ ಮನುಷ್ಯ ನಿಮ್ಮನ್ನು ಬಿಳಿ ಅನ್ನೋದಿಲ್ಲ. ತಮಾಷೆ ಏನೆಂದರೆ, ಬರೀ ಮೂರು ತಿಂಗಳ ಹಿಂದೆ ಇದೇ ಕೋರ್ಟು ಒಬ್ಬ ಜಪಾನೀಯರಿಗೆ, ಬಿಳಿ ಅಂದರೆ ಕಕೇಷಿಯನ್, ನೀವು ಕಕೇಷಿಯನ್ ಅಲ್ಲ ಅಂತ ಹೇಳಿ ಕಳಿಸಿತ್ತು. ಭಾರತೀಯರಿಗೆ ಪೌರತ್ವದ ದಾರಿ ತೆರೆದದ್ದು 1946ರ ಕಾನೂನಿನಿಂದ.

1950ರಲ್ಲಿ ‘ಹಿಂದೂ’ ಕಾಲಂ ತೆಗೆದರು. ನಮ್ಮ ಮನೆಯ ಯಜಮಾನ ‘ಇತರೆ’ ಆದ. 1960ರಿಂದ ಇನ್ನೊಂದು ದೊಡ್ಡ ಬದಲಾವಣೆ ಶುರುವಾಯಿತು. ಗಣತಿದಾರ ನೋಡಿ ಬರೆಯೋದು ಕಮ್ಮಿಯಾಗಿ, ಜನ ತಾವೇ ಫಾರ್ಮ್ ತುಂಬೋದು ಬಂತು.

ಈಗ ನಿಮ್ಮ ಚಿಕ್ಕಪ್ಪನ 1970. ಅಂಚೆಯಲ್ಲಿ ಬಂದ ಫಾರ್ಮಿನಲ್ಲಿ ಬಣ್ಣ ಅಥವಾ ಜನಾಂಗದ ಪ್ರಶ್ನೆಗೆ ತುಂಬಬೇಕಾದ ಪುಟ್ಟ ವೃತ್ತಗಳಿದ್ದವು. ಬಿಳಿ, ನೀಗ್ರೊ ಅಥವಾ ಬ್ಲ್ಯಾಕ್, ಇಂಡಿಯನ್ ಅಂತ ಬರೆದು ಪಕ್ಕದಲ್ಲಿ ಬ್ರಾಕೆಟ್ಟಿನಲ್ಲಿ ಅಮೆರಿಕದ್ದು ಅಂತ, ಜಪಾನೀ, ಚೀನೀ, ಫಿಲಿಪಿನೋ, ಹವಾಯಿಯನ್, ಕೊರಿಯನ್, ಕೊನೆಗೆ ‘ಇತರೆ, ಬರೆಯಿರಿ’. ಮೈಸೂರಿಂದಲೋ ಹುಬ್ಬಳ್ಳಿಯಿಂದಲೋ ಹೋದ ಹುಡುಗ ‘ಇತರೆ’ಯಲ್ಲಿ ತನ್ನ ದೇಶ ಬರೆದಿರುತ್ತಾನೆ. ಆದರೆ ಬ್ಯೂರೋದ ಒಳಗಿನ ನಿಯಮ ಬೇರೆ. ‘ಇತರೆ’ಯಲ್ಲಿ ಮೆಕ್ಸಿಕನ್ ಅಂತಲೋ, ಇಂಡೋ-ಯುರೋಪಿಯನ್ ಮೂಲದವರು ಅನ್ನಿಸುವ ಉತ್ತರವನ್ನೋ ಬರೆದಿದ್ದರೆ ಅವರನ್ನು ಎತ್ತಿ ಬಿಳಿಯರ ಲೆಕ್ಕಕ್ಕೆ ಹಾಕುತ್ತಿದ್ದರು. ಭಾರತೀಯರು ಅಲ್ಲಿಗೆ ಹೋದರು. ಇಂಡೋ-ಯುರೋಪಿಯನ್ ಅನ್ನೋದು ಹಿಂದಿ, ಇಂಗ್ಲಿಷಿನಂಥ ಭಾಷೆಗಳ ಮನೆತನ. ಭಾಷೆಯ ಮನೆತನ ಹಿಡಿದು ಜನಾಂಗ ಹೇಳೋದಾದರೆ ಕನ್ನಡ ಇಂಡೋ-ಯುರೋಪಿಯನ್ ಅಲ್ಲವೇ ಅಲ್ಲ, ದ್ರಾವಿಡ. ನಿಮ್ಮ ಚಿಕ್ಕಪ್ಪನಿಗೆ ಈ ನಿಯಮದ ಪ್ರಕಾರವೂ ಅಲ್ಲಿ ಜಾಗ ಇರಲಿಲ್ಲ! ಅಷ್ಟು ಯೋಚಿಸೋ ಪುರುಸೊತ್ತು ಯಾರಿಗಿತ್ತು.

ಇಂಪೀರಿಯಲ್ ವ್ಯಾಲಿಯ ನಮ್ಮ ಮನೆಯೂ ಈ ಸಲ ಅಪ್ಪ, ಅಮ್ಮ, ಮಕ್ಕಳು ಎಲ್ಲ ಸೇರಿ ಬಿಳಿ. ನಲವತ್ತು ವರ್ಷದಲ್ಲಿ ಮನೆಯವರು ಅದೇ ಹೊಲ ಉಳುತ್ತಿದ್ದರು ಅಷ್ಟೆ.

ಆಮೇಲೆ ಬಂದ ಬದಲಾವಣೆಯನ್ನು ಭಾರತೀಯರೇ ಕೇಳಿ ಮಾಡಿಸಿಕೊಂಡರು. ತಾರತಮ್ಯದ ವಿರುದ್ಧ ಬಂದ ಕಾನೂನುಗಳು ಅಂಕಿಸಂಖ್ಯೆ ನೋಡಿ ನಡೆಯುತ್ತಿದ್ದವು. ಬಿಳಿಯರೊಳಗೆ ಕರಗಿಹೋದವರಿಗೆ ಅಂಕಿಯೇ ಇರಲಿಲ್ಲ. ಅಸೋಸಿಯೇಷನ್ ಆಫ್ ಇಂಡಿಯನ್ಸ್ ಇನ್ ಅಮೆರಿಕ ಅನ್ನೋ ಸಂಘ ಪ್ರತ್ಯೇಕ ಗುರುತು ಬೇಕು ಅಂತ ಒತ್ತಾಯಿಸಿತು. ಎಲ್ಲರೂ ಒಪ್ಪಿರಲಿಲ್ಲ, ಅಲ್ಪಸಂಖ್ಯಾತರ ಸವಲತ್ತು ನಮಗೆ ಯಾಕೆ ಅಂದವರೂ ಇದ್ದರು. 1977ರಲ್ಲಿ ಸರ್ಕಾರ ಇಡೀ ದೇಶಕ್ಕೆ ಒಂದೇ ಪಟ್ಟಿ ಮಾಡಿ, ಭಾರತ ಉಪಖಂಡವನ್ನು ಏಷ್ಯಾಕ್ಕೆ ಸೇರಿಸಿತು. ‘ಬಿಳಿ’ ಅಂದರೆ ಯುರೋಪ್, ಉತ್ತರ ಆಫ್ರಿಕಾ, ಮಧ್ಯಪ್ರಾಚ್ಯ ಮೂಲದವರು ಅಂತ ಬರೆಯಿತು. 1980ರ ಫಾರ್ಮಿನಲ್ಲಿ ‘ಏಷ್ಯನ್ ಇಂಡಿಯನ್’ ವೃತ್ತ ಬಂತು. ಹಾಗಾಗಿ 1970ರ ಮತ್ತು 1980ರ ಬಿಳಿಯರ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ಏರಿತೋ ಇಳಿಯಿತೋ ಅಂತ ಹೇಳುವವರನ್ನು ಕಂಡರೆ ಸ್ವಲ್ಪ ಅನುಮಾನ ಪಡಿ.

ಈ ತೊಂದರೆ ಹಳೆಯ ಕಾಲದ್ದು ಮಾತ್ರ ಅಲ್ಲ. 2000ದಿಂದ ಒಂದಕ್ಕಿಂತ ಹೆಚ್ಚು ಜನಾಂಗ ಗುರುತು ಮಾಡಬಹುದು. 2020ರ ಗಣತಿ ಬಂದಾಗ, ಹತ್ತು ವರ್ಷದಲ್ಲಿ ಬಿಳಿಯರು ಶೇ. 8.6ರಷ್ಟು ಕಮ್ಮಿಯಾದರು ಅಂತ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಅದು ‘ಬಿಳಿ ಮಾತ್ರ’ ಅನ್ನೋ ಅಂಕಿ. ಆ ಸಲ ‘ಬಿಳಿ’ ಗುರುತಿನ ಕೆಳಗೂ ಮೂಲ ಬರೆಯೋಕೆ ಜಾಗ ಕೊಟ್ಟಿದ್ದರು. ಮೊದಲು ಬರೆದದ್ದರಲ್ಲಿ 30 ಅಕ್ಷರ ಓದುತ್ತಿದ್ದವರು ಈಗ 200 ಅಕ್ಷರ ಓದಿದರು. ಬಿಳಿ ಅಂತ ಗುರುತು ಮಾಡಿ ಕೆಳಗೆ ಇನ್ನೊಂದು ಜನಾಂಗಕ್ಕೆ ಸೇರೋ ಹೆಸರು ಬರೆದವರು ತಮಗೇ ಗೊತ್ತಿಲ್ಲದೆ ‘ಮಿಶ್ರ’ದ ಲೆಕ್ಕಕ್ಕೆ ಹೋದರು. ‘ಬಿಳಿ, ಒಂಟಿಯಾಗಿ ಅಥವಾ ಬೇರೆಯದರ ಜೊತೆ’ ಅನ್ನೋ ಇನ್ನೊಂದು ಅಂಕಿಯೂ ಬ್ಯೂರೋ ಕೊಡುತ್ತದೆ, ಎರಡನ್ನೂ ನೋಡಬೇಕು. 2024ರಲ್ಲಿ ಮತ್ತೆ ನಿಯಮ ಬದಲಾಯಿತು. ಅರಬ್ಬರು, ಇರಾನಿನವರು ಬಿಳಿಯಿಂದ ಹೊರಗೆ ಬಂದು, ‘ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕಾ’ ಅನ್ನೋ ಬೇರೆ ಗುಂಪಾಗಬೇಕು ಅಂತ ಹೊಸ ನಿಯಮ ಹೇಳುತ್ತದೆ.

ಅಂದ ಹಾಗೆ, ಚಿಕ್ಕಪ್ಪ ಏನು ಬರೆದಿದ್ದರು ಅಂತ ನೋಡೋ ಆಸೆ ಇದ್ದರೆ ಸ್ವಲ್ಪ ಕಾಯಬೇಕು. ಒಬ್ಬೊಬ್ಬರ ಹೆಸರಿರುವ ದಾಖಲೆಗಳನ್ನು 72 ವರ್ಷ ಗುಟ್ಟಾಗಿ ಇಡುತ್ತಾರೆ. 1950ರದ್ದು 2022ರಲ್ಲಿ ಹೊರಬಂತು. 1970ರದ್ದು ಬರೋದು 2042ರಲ್ಲಿ. ಅಷ್ಟರೊಳಗೆ ಬೇಕಾದರೆ ತಮ್ಮದೇ ದಾಖಲೆಗೆ ಅವರು ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಅದರಲ್ಲಿ ‘ಬಿಳಿ’ ಅಂತ ಇರದಿದ್ದರೆ ಆಶ್ಚರ್ಯ ಬೇಡ, ಬಿಳಿ ಮಾಡಿದ್ದು ಫಾರ್ಮ್ ಅಲ್ಲ, ಆಮೇಲೆ ಕೂಡಿಸಿದವರು.